ಮಾಡಿದ್ದಾನೆ, ಮಾಡಿದ್ದಾರೆ

ಕಟ್ಟಡಗಳ ನಕ್ಷೆ ತಯಾರಿಸುವ ಕಚೇರಿಯಲ್ಲಿ ಪತ್ರ ಬರೆಯುವ ಕೆಲಸ ಅವಳದು. ನಕ್ಷೆ ಬಿಡಿಸುವ ಹಿರಿಯರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ನಕ್ಷೆ ಓದುವುದನ್ನು ಅವಳಿಗೆ ಕಲಿಸಿದವರೂ ಅವರೇ. ಒಮ್ಮೆ ಅವರು ಬಿಡಿಸಿದ ಆಸ್ಪತ್ರೆಯೊಂದರ ನಕ್ಷೆಯಲ್ಲಿ ಮೆಟ್ಟಿಲಿನ ಅಗಲ ತಪ್ಪಾಯಿತು. ಕಟ್ಟಿಸುತ್ತಿದ್ದ ಹಿರಿಯ ಡಾಕ್ಟರಿಗೆ ಅವಳು ಕ್ಷಮೆ ಕೋರಿ ಬರೆಯಬೇಕಾಯಿತು.

"ನೀವು" ಸಾಲದೆನಿಸಿ "ತಾವು" ಹಾಕಿದಳು. "ನೋಡಿ" ಅನ್ನುವುದನ್ನು "ಪರಿಶೀಲಿಸಬೇಕಾಗಿ ವಿನಂತಿ" ಎಂದು ತಿದ್ದಿದಳು. ಅಷ್ಟು ದೊಡ್ಡವರ ಮುಂದೆ ನಮ್ಮವರಿಗೂ ಬಹುವಚನ ಹಚ್ಚಿದರೆ ಸೊಕ್ಕು ಅನ್ನಿಸೀತೆಂದು, "ನಮ್ಮ ನಕ್ಷೆಗಾರ ತಪ್ಪು ಮಾಡಿದ್ದಾನೆ, ಅವನಿಂದಲೇ ತಿದ್ದಿಸಿದ್ದೇವೆ" ಎಂದು ಬರೆದು ಇಮೇಲ್ ಮಾಡಿಬಿಟ್ಟಳು.

ಮರುದಿನ ಉತ್ತರ ಬಂತು. "ತಿದ್ದಿದ ನಕ್ಷೆ ಚೆನ್ನಾಗಿದೆ. ಬಿಡಿಸಿದವರಿಗೆ ನನ್ನ ನಮಸ್ಕಾರ ತಿಳಿಸಿ. ಜಾಗ ನೋಡಲು ಬಂದಾಗ ಕಂಡಿದ್ದೆ, ಅವರೂ ನನ್ನ ವಯಸ್ಸಿನವರೇ ಅಲ್ಲವೆ?" ಕೆಳಗೆ ಅವಳ ಪತ್ರವೂ ಹಾಗೇ ಇತ್ತು. ಕಚೇರಿಯ ಮಾಲೀಕರು ಎರಡನ್ನೂ ಪ್ರಿಂಟ್ ತೆಗೆದು ಮೇಷ್ಟ್ರ ಮೇಜಿನ ಮೇಲಿಟ್ಟರು.

ಅವಳು ಅಲ್ಲಿಗೆ ಓಡಿ ಹೋಗುವಷ್ಟರಲ್ಲಿ ಮೇಷ್ಟ್ರು ಓದಿ ಮುಗಿಸಿದ್ದರು.

"ಮೇಷ್ಟ್ರೇ, ತಪ್ಪಾಯ್ತು. ಅವರಿಗೆ ಮರ್ಯಾದೆ ಕೊಡೋಕೆ ಹೋಗಿ..."

"ನನ್ನ 'ಅವನು' ಅಂತಿದ್ದೋಳು ನಮ್ಮಮ್ಮ ಒಬ್ಬಳೇ ಕಣಮ್ಮ," ಎಂದು ಮೇಷ್ಟ್ರು ನಕ್ಕರು. ಆಮೇಲೆ ಮೆತ್ತಗೆ, "ಅವರಿಗೆ ಕೊಟ್ಟಿದ್ದು ಸರೀನೇ. ಅದಕ್ಕೆ ನನ್ನದನ್ನ ಯಾಕೆ ಕಿತ್ಕೊಂಡೆ?" ಅಂದರು.

ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಡಾಕ್ಟರಿಗೆ ಇನ್ನೊಂದು ಪತ್ರ ಬರೆದಳು: "ನಮ್ಮ ಹಿರಿಯರಿಗೆ ತಮ್ಮ ನಮಸ್ಕಾರ ತಿಳಿಸಿದ್ದೇನೆ. ಅವರನ್ನು ಏಕವಚನದಲ್ಲಿ ಬರೆದದ್ದು ನನ್ನ ತಪ್ಪು."

ಸಂಜೆ ಮೇಷ್ಟ್ರು ಎಂದಿನಂತೆಯೇ "ಬರ್ತೀನಮ್ಮ" ಅಂದರು. ತಲೆ ಎತ್ತಿ ಅವರ ಮುಖ ನೋಡಲು ಅವಳಿಂದ ಆಗಲಿಲ್ಲ.