ಗೋಡೆಯ ಏಣು

ಕೆಳಗಿನ ಮನೆಯ ಬಾಡಿಗೆಯವಳು ಪತ್ರ ಕೊಟ್ಟು ಹೋದಳು. ಬಾಯಿಮಾತು ಗಾಳಿಗೆ ಹೋಗುತ್ತದೆಂದು ಅಗ್ರಿಮೆಂಟಿನಲ್ಲಿ ನಾನೇ ಬರೆಸಿದ್ದೆ, ಗೋಡೆ ಮುಟ್ಟಬೇಕಾದರೆ ಬರಹದಲ್ಲಿ ಒಪ್ಪಿಗೆ ಬೇಕು ಎಂದು. ಅವಳ ಅತ್ತೆಗೆ ಕಣ್ಣು ಮಂಜಾಗಿದೆಯಂತೆ. ಅಡುಗೆಮನೆಯ ಕಡುಹಸಿರು ಗೋಡೆಗೆ ಬಿಳಿ ಬಣ್ಣ ಹೊಡೆಸಿ ಕಪ್ಪು ಶೆಲ್ಫ್ ಹಾಕಿಸಿದರೆ ಎದ್ದು ಕಂಡು, ಬೇಕಾದ ಸಾಮಾನು ಅವರಿಗೇ ಸಿಗುತ್ತದೆ, ಖರ್ಚು ನಮ್ಮದೇ ಎಂದಿತ್ತು. ಕೊನೆಯ ಸಾಲು: "ಮನೆ ಬಿಡುವಾಗ ಗೋಡೆಯನ್ನು ಮೊದಲಿದ್ದಂತೆ ಮಾಡಿಕೊಡುತ್ತೇವೆ."

ಓದಿ ಮೈ ಉರಿಯಿತು. ಮೊದಲಿದ್ದಂತೆ ಮಾಡುವುದು ಯಾರಪ್ಪನಿಂದ ಸಾಧ್ಯ? ಆ ಗೋಡೆ ನಮ್ಮ ಯಜಮಾನರ ಕೊನೆಯ ಕೆಲಸ. ಪೇಂಟರನ್ನು ಕರೆಸಿ ಎಂದರೆ ಕೇಳುವ ಪೈಕಿ ಅಲ್ಲ. ಬಾಡಿಗೆಗೆ ಕೊಡುವ ಮೊದಲು ತಾವೇ ಬಣ್ಣ ಕಲಸಬೇಕು, ಅದೂ ಕಣ್ಣಂದಾಜಿನಲ್ಲಿ. ಅರ್ಧ ಗೋಡೆ ಹೊಡೆದವರು ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ. ಉಳಿದದ್ದನ್ನು ಪೇಂಟರ್ ಮುಗಿಸಿದ. ಎರಡು ಹಸಿರು ಹೊಂದಲೇ ಇಲ್ಲ. ಇವರು ನಿಲ್ಲಿಸಿದ ಕಡೆ ಆಯಿಲ್ ಪೇಂಟು ಗಟ್ಟಿಯಾಗಿ, ಕೈಗೆ ತಗಲುವಂಥ ಏಣು ಕಟ್ಟಿಕೊಂಡಿತ್ತು. ಅದನ್ನು ಉಜ್ಜಲು ನಾನು ಬಿಡಲಿಲ್ಲ.

ಆಗುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿಬರೋಣವೆಂದೇ ಕೆಳಗಿಳಿದೆ.

ಸೊಸೆ ಕೆಲಸಕ್ಕೆ ಹೋಗಿದ್ದಳು. ಅತ್ತೆಯೇ ಬಾಗಿಲು ತೆಗೆದು, ಟೀ ಮಾಡುತ್ತೇನೆ ಎಂದು ಸಕ್ಕರೆ ಹುಡುಕತೊಡಗಿದರು. ಒಂದೊಂದೇ ಡಬ್ಬಿ ತೆಗೆದು ಮೂಸಿದರು. ಉಪ್ಪೋ ಸಕ್ಕರೆಯೋ ಮೂಸಿದರೆ ತಿಳಿಯುತ್ತದೆಯೇ? ಕೊನೆಗೆ ನಾಲಿಗೆಗೆ ಹಚ್ಚಿಕೊಂಡು ನೋಡಿದರು. ನನಗೆ ನಗು ಬರಬೇಕಿತ್ತು, ಸಂಕಟವಾಯಿತು.

ಗೋಡೆ ಸವರುತ್ತ ಬಂದವರು ಆ ಏಣಿನ ಹತ್ತಿರ ನಿಂತರು.

"ಇಲ್ಲಿ ಯಾರೋ ಅರ್ಧಕ್ಕೇ ಕೈ ತೆಗೆದಿದಾರೆ ಅಲ್ವಾ? ದಿನಾ ನಾನು ಇದನ್ನ ಮುಟ್ಕೊಂಡೇ ಓಡಾಡೋದು. ಇದು ಸಿಕ್ಕಿದ್ರೆ ಬಾಗಿಲು ಹತ್ರ ಬಂತು ಅಂತ ಲೆಕ್ಕ."

"ನಮ್ಮನೆಯವರು," ಎಂದೆ.

ಅವರು ಏಣಿನ ಮೇಲಿಂದ ಕೈ ತೆಗೆಯಲಿಲ್ಲ. ಇಷ್ಟು ವರ್ಷ ಆ ಗೋಡೆಯನ್ನು ನಿಧಿಯಂತೆ ಕಾದವಳು ನಾನು. ಒಮ್ಮೆಯೂ ಮುಟ್ಟಿರಲಿಲ್ಲ.

ಅಂದೇ ಉತ್ತರ ಬರೆದೆ. ಬಿಳಿ ಬಣ್ಣ ಹೊಡೆಸಿ, ಶೆಲ್ಫ್ ಹಾಕಿಸಿ. ಹಳೆ ಬಣ್ಣಕ್ಕೆ ಉಪ್ಪುಕಾಗದ ಹಾಕಿ ಉಜ್ಜುವಾಗ ಆ ಏಣನ್ನು ಮಾತ್ರ ಬಿಟ್ಟುಬಿಡಿ, ಅದರ ಮೇಲೆಯೇ ಬಣ್ಣ ಬರಲಿ. ಮನೆ ಬಿಡುವಾಗ ಮೊದಲಿದ್ದಂತೆ ಮಾಡುವುದು ಬೇಡ.

ಬಣ್ಣ ಒಣಗಿದ ಮೇಲೆ ನೋಡಲು ಹೋದೆ. ಕಪ್ಪು ಹಲಗೆಗಳ ಮೇಲೆ ಡಬ್ಬಿಗಳು ಸಾಲಾಗಿ ಕೂತಿದ್ದವು. ಅತ್ತೆ ನೇರವಾಗಿ ಹೋಗಿ ಸಕ್ಕರೆ ತೆಗೆದರು. ಗೋಡೆಯೆಲ್ಲ ಒಂದೇ ಬಿಳುಪು. ನಮ್ಮ ಯಜಮಾನರು ಎಲ್ಲಿಯವರೆಗೆ ಬಣ್ಣ ಹೊಡೆದಿದ್ದರೆಂದು ಎಷ್ಟು ಹುಡುಕಿದರೂ ನನ್ನ ಕಣ್ಣಿಗೆ ಕಾಣಲಿಲ್ಲ.

ಅತ್ತೆ ನನ್ನ ಕೈ ಹಿಡಿದು ಅಲ್ಲಿ ಇಟ್ಟರು.