ಪ್ರಶ್ನೆಗೆಂದು ಇಟ್ಟ ಹೊತ್ತು

ಬೈಲಹೊಂಗಲದ ಆ ಟ್ರ್ಯಾಕ್ಟರ್ ಶೋರೂಮಿನಲ್ಲಿ ಸಿಬ್ಬಂದಿ ಸಭೆ ಎಂದರೆ ಸತ್ಕಾರ ಎಂದೇ ಅರ್ಥ. ಕಿತ್ತೂರು, ಸವದತ್ತಿ, ರಾಮದುರ್ಗದ ಶಾಖೆಗಳಿಂದ ಜನ ಬರುತ್ತಿದ್ದರು. ಪ್ರಾರ್ಥನೆ, ದೀಪ, ಸ್ವಾಗತ ಮುಗಿಯುವ ಹೊತ್ತಿಗೆ ಶಾಲುಗಳ ಗಂಟು ಬಿಚ್ಚುತ್ತಿತ್ತು. ಒಬ್ಬರಿಗೆ ಹಾಕಿ ಇನ್ನೊಬ್ಬರಿಗೆ ಬಿಟ್ಟರೆ ಮುನಿಸು, ಹಾಗಾಗಿ ಎಲ್ಲರಿಗೂ ಶಾಲು, ಎಲ್ಲರಿಗೂ ಹಾರ, ಎಲ್ಲರದೂ ಫೋಟೊ. ಕೊನೆಗೆ ವಂದನಾರ್ಪಣೆ ಮಾಡುವವನು, "ಯಾರದರ ಏನರ ಪ್ರಶ್ನೆ ಇದ್ರ ಕೇಳ್ರಿ" ಎನ್ನುವಾಗ ಅರ್ಧ ಜನ ಕೈ ತೊಳೆಯಲು ಎದ್ದು ಹೋಗಿರುತ್ತಿದ್ದರು. ಪ್ರಶ್ನೆ ಕೇಳಿದವನು ಊಟಕ್ಕೆ ಅಡ್ಡ ಬಂದವನಾಗುತ್ತಿದ್ದ. ಮಾಲಕ ಬಸವಣ್ಣೆಪ್ಪ ಸಾವಕಾರರಿಗೆ ಈ ಏರ್ಪಾಡು ಬಹಳ ಹಿಡಿಸಿತ್ತು, ಹಿಡಿಸದೆ ಏನು?

ಈ ಸಲ ಟ್ರ್ಯಾಕ್ಟರ್ ಕಂಪನಿಯವರು ಹೊಸ ಪದ್ಧತಿ ತಂದರು. ಪ್ರತಿಯೊಬ್ಬ ಡೀಲರನೂ ವರ್ಷಕ್ಕೊಮ್ಮೆ 'ಟೌನ್ ಹಾಲ್' ಎಂಬ ಸಭೆ ನಡೆಸಬೇಕು, ಅದರಲ್ಲಿ ಅರ್ಧ ಹೊತ್ತು ನೌಕರರ ಪ್ರಶ್ನೆಗೇ ಮೀಸಲು, ನೋಡಲು ಹುಬ್ಬಳ್ಳಿಯಿಂದ ಅಧಿಕಾರಿ ಬರುತ್ತಾರೆ. ಅಜೆಂಡಾ ಬರೆಯುವ ಕೆಲಸ ಆಡಳಿತ ನೋಡಿಕೊಳ್ಳುವ ರಾಜೇಶ್ವರಿಯ ಪಾಲಿಗೆ ಬಂತು.

ಅವಳು ಖುಷಿಯಿಂದಲೇ ಬರೆದಳು. ವರ್ಷದ ವ್ಯವಹಾರದ ವರದಿಯನ್ನು ಮುಂಚೆಯೇ ವಾಟ್ಸಾಪಿಗೆ ಹಾಕಿದಳು, ಸಭೆಯಲ್ಲಿ ಅದನ್ನು ಓದಿ ಹೊತ್ತು ಕಳೆಯುವಂತಿಲ್ಲ. ಸಾವಕಾರರ ಮಾತು ಚಿಕ್ಕದು, ಅದಾದ ಕೂಡಲೇ ಪ್ರಶ್ನೆಗಳು, ಸತ್ಕಾರ ಎಲ್ಲಕ್ಕೂ ಕೊನೆಗೆ. ಮೊದಲು ಬಾಯಿ ತೆರೆಯಲು ಎಲ್ಲರಿಗೂ ಅಂಜಿಕೆ ಎಂದು ಪ್ರತಿ ಶಾಖೆಯಲ್ಲೂ ಒಂದು ಡಬ್ಬಿ ಇಡಿಸಿ, ಹೆಸರಿಲ್ಲದ ಚೀಟಿಗಳನ್ನು ತರಿಸಿ, ಒಂದೇ ತೆರನಾದವನ್ನು ಕೂಡಿಸಿ ಇಟ್ಟಳು. ಮೊದಲು ಚೀಟಿಗಳು, ಆಮೇಲೆ ಕೈ ಎತ್ತಿದವರಿಗೆ ಮೈಕು. ಉತ್ತರ ಕೊಡುವವರು: ಸಾವಕಾರರು. ಉತ್ತರ ಈಗ ಇಲ್ಲದಿದ್ದರೆ ಇಲ್ಲ ಎಂದು ಹೇಳಿ, ಯಾವತ್ತು ಹೇಳುತ್ತೇವೆ ಎಂದು ತಾರೀಖು ಕೊಡಬೇಕು. ಹೊತ್ತು ಮುಗಿಯುವ ಮುಂಚೆ ಯಾರೂ ಏಳಬಾರದು. ಜಾರಿಕೊಳ್ಳುವ ಕಂಡಿಗಳನ್ನೆಲ್ಲ ಹೀಗೆ ಒಂದೊಂದಾಗಿ ಮುಚ್ಚುತ್ತ ಹೋದಳು, ಪುಣ್ಯಾತ್ಗಿತ್ತಿ.

ಅಜೆಂಡಾ ಎಲ್ಲ ಶಾಖೆಗೂ ಹೋದ ಮರುದಿನ ಸಾವಕಾರರು ಅವಳನ್ನು ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿಸಿದರು. ರಾಮದುರ್ಗದ ವರ್ಕ್‌ಶಾಪ್ ಯುಗಾದಿಗೆ ಮುಚ್ಚುತ್ತದೆ, ಅಲ್ಲಿಯವರನ್ನು ಕೆಲಸದಿಂದ ಬಿಡಿಸುವ ಕಾಗದಪತ್ರ ತಯಾರಿಡಬೇಕು ಎಂದರು. ಅಲ್ಲಿಯತನಕ ಯಾರ ಕಿವಿಗೂ ಬೀಳಬಾರದು. ಕಬ್ಬಿನ ಹಂಗಾಮು ನಡೆದಿದೆ, ಗೊತ್ತಾದರೆ ಮೆಕ್ಯಾನಿಕ್‌ಗಳು ಅರ್ಧಕ್ಕೇ ಕೈಕೊಟ್ಟು ಹೋಗುತ್ತಾರೆ. ಮಾತು ಹೊರಗೆ ಹೋದರೆ ಅದು ಯಾರ ಬಾಯಿಂದ ಹೋಯಿತೆಂದು ಹುಡುಕುವ ತ್ರಾಸು ತಮಗಿಲ್ಲ ಎಂದು ನಗುತ್ತಲೇ ಸೇರಿಸಿದರು. ಅವಳ ಗಂಡ ಸುಭಾಸ ಅದೇ ಶೋರೂಮಿನ ಬಿಡಿಭಾಗದ ಕೌಂಟರಿನಲ್ಲಿ ಕೂರುವವನು. ಒಂದು ಮನೆಯ ಇಬ್ಬರ ಅನ್ನವೂ ಒಂದೇ ಒಲೆಯ ಮೇಲೆ ಬೇಯುತ್ತಿತ್ತು. ಅವಳು ಆಗಲಿ ಎಂದು ಹೊರಗೆ ಬಂದಳು.

ಅಷ್ಟಕ್ಕೇ ಮುಗಿದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳು. ಆದರೆ ರಾಮದುರ್ಗದ ಹಿರಿಯ ಮೆಕ್ಯಾನಿಕ್ ಬಾಳೇಶ ಫೋನ್ ಮಾಡಿದ. ಅವನಿಗೆ ಮುಧೋಳದ ಒಂದು ವರ್ಕ್‌ಶಾಪಿನವರು ಕೆಲಸ ಕೊಡುತ್ತೇವೆ ಎಂದಿದ್ದರು. ಸಭೆಯ ದಿನ ಮಧ್ಯಾಹ್ನದೊಳಗೆ ಬರುತ್ತೇನೆ ಅಥವಾ ಬರುವುದಿಲ್ಲ ಎಂದು ಹೇಳಬೇಕಿತ್ತು, ಇಲ್ಲದಿದ್ದರೆ ಬೇರೆಯವನು ತಯಾರಿದ್ದ. ಊರು ಬಿಡಲು ಅವನಿಗೆ ಮನಸ್ಸಿರಲಿಲ್ಲ. ಇಲ್ಲಿಯ ವರ್ಕ್‌ಶಾಪ್ ಮುಚ್ಚುತ್ತದೆ ಎಂದು ಚಹಾದಂಗಡಿಯಲ್ಲಿ ಜನ ಆಡಿಕೊಳ್ಳುತ್ತಾರೆ, ಖರೇ ಏನು ಎಂದು ಕೇಳಿದ. ರಾಜೇಶ್ವರಿ ತಡವರಿಸಿ, ಸಭೆಯಲ್ಲಿ ಕೇಳಿರಿ, ಸಾವಕಾರರೇ ಉತ್ತರ ಕೊಡುತ್ತಾರೆ, ಹೊತ್ತು ಭರಪೂರ ಇಟ್ಟಿದ್ದೇನೆ ಎಂದಳು. ಅವನು ನಿಶ್ಚಿಂತನಾಗಿ ಫೋನ್ ಇಟ್ಟ.

ಸಭೆಯ ದಿನ ಶೋರೂಮಿನ ಟ್ರ್ಯಾಕ್ಟರುಗಳನ್ನು ಹೊರಗೆ ನಿಲ್ಲಿಸಿ ಒಳಗೆ ಕುರ್ಚಿ ಹಾಕಿದ್ದರು. ಹುಬ್ಬಳ್ಳಿಯ ಅಧಿಕಾರಿ ಮುಂದಿನ ಸಾಲಿನಲ್ಲಿ ವಿಡಿಯೊ ತೆಗೆಯಲು ಮೊಬೈಲ್ ಹಿಡಿದು ಕೂತಿದ್ದ. ಸಾವಕಾರರು ಚುಟುಕಾಗಿ ಮಾತಾಡಿ ಮುಗಿಸಿದರು. ಆಮೇಲೆ ಮೈಕನ್ನು ರಾಜೇಶ್ವರಿಯ ಕೈಗೆ ಕೊಟ್ಟು, "ಪ್ರಶ್ನೆ ನೀವಾ ಕೂಡಿಸೀರಿ, ಉತ್ತರಾನೂ ನೀವಾ ಹೇಳಿಬಿಡ್ರಿ. ನಾ ಇಲ್ಲೇ ಕುಂತಿರತೇನಿ" ಎಂದರು. ಅಧಿಕಾರಿ ಮೆಚ್ಚಿ ತಲೆಯಾಡಿಸಿದ. ಮಾಲಕ ಹಿಂದೆ ಸರಿದು ಸಿಬ್ಬಂದಿಗೆ ಜಾಗ ಬಿಡುವುದು ಅವನ ಕಣ್ಣಿಗೆ ದೊಡ್ಡತನವಾಗಿ ಕಂಡಿರಬೇಕು. ರಾಜೇಶ್ವರಿ ಅಜೆಂಡಾದ 'ಉತ್ತರ ಕೊಡುವವರು' ಎಂಬ ಸಾಲನ್ನು ಒಮ್ಮೆ ನೋಡಿ ಮೊದಲ ಚೀಟಿ ಬಿಚ್ಚಿದಳು.

ಚೀಟಿಗಳು ಸಲೀಸಾಗಿ ಹೋದವು. ಕಿತ್ತೂರಿನವರಿಗೆ ಹೈವೇ ಮೇಲೆ ಕೆಟ್ಟು ನಿಂತ ಗಾಡಿ ನೋಡಲು ಹೋಗಲಿಕ್ಕೆ ಒಂದು ಬೈಕು ಬೇಕಿತ್ತು, ಸವದತ್ತಿಯ ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಬೇಕಿತ್ತು. ಅವಕ್ಕೆ ಅವಳು ಸಾವಕಾರರ ಮುಖ ನೋಡಿ ತಾರೀಖು ಕೊಟ್ಟಳು. ಜನರಿಗೆ ಹುರುಪು ಬಂತು. ಆಗ ಬಾಳೇಶ ಕೈ ಎತ್ತಿದ.

"ರಾಮದುರ್ಗದ ವರ್ಕ್‌ಶಾಪ್ ಮುಚ್ಚತೀರಿ ಏನ್ರಿ, ಅಕ್ಕಾರ? ನನಗ ಹೂಂ ಅಥವಾ ಇಲ್ಲ, ಅಷ್ಟಾ ಬೇಕು."

ಸಾವಕಾರರು ತಮ್ಮ ಉಂಗುರ ತಿರುವುತ್ತ ಕೂತಿದ್ದರು. ಹಿಂದಿನ ಸಾಲಿನಲ್ಲಿ ಸುಭಾಸ ಅವಳನ್ನೇ ದಿಟ್ಟಿಸಿ ನೋಡುತ್ತಿದ್ದ. ಅವನಿಗೆ ಏನೂ ಗೊತ್ತಿಲ್ಲದಿದ್ದರೂ ಹೆಂಡತಿಯ ಮುಖ ಓದಲು ಬರುತ್ತಿತ್ತು. ಈಗ ಹೇಳಲು ಬರುವುದಿಲ್ಲ, ಇಂಥ ದಿನ ಹೇಳುತ್ತೇವೆ ಎನ್ನಬಹುದಿತ್ತು, ಆದರೆ ಹಾಗೆಂದರೆ ಹೂಂ ಅಂದಂತೆಯೇ ಎಂದು ಇಡೀ ಸಭೆಗೆ ತಿಳಿಯುತ್ತಿತ್ತು.

"ಅಂಥಾದ್ದೇನೂ ಇಲ್ರಿ" ಎಂದಳು. ದನಿ ಅವಳದೇ ಆಗಿತ್ತು, ಅದಕ್ಕೇ ಅವಳಿಗೆ ಹೇಸಿಗೆಯಾಯಿತು.

ಬಾಳೇಶನ ಮುಖ ಅರಳಿತು. ನೀವು ಹೇಳಿದಿರಲ್ಲ, ಮುಗೀತು ಎಂದು ಕೈಮುಗಿದು ಕೂತ. ರಾಮದುರ್ಗದವರು ಚಪ್ಪಾಳೆ ತಟ್ಟಿದರು. ಹಳೆಯ ಸಭೆಯಾಗಿದ್ದರೆ ಇಷ್ಟೊತ್ತಿಗೆ ವಂದನಾರ್ಪಣೆಯಾಗಿ, ಗದ್ದಲವೆದ್ದು, ಸುಳ್ಳು ಅದರಲ್ಲಿ ಮುಚ್ಚಿಹೋಗುತ್ತಿತ್ತು. ಆದರೆ ಪ್ರಶ್ನೆಯ ಹೊತ್ತು ಇನ್ನೂ ಬಹಳ ಉಳಿದಿತ್ತು. ಹಾಗೆ ಉಳಿಯುವಂತೆ ಮಾಡಿದವಳು ಅವಳೇ. ಯಾರೂ ಏಳಲಿಲ್ಲ. ಮೈಕು ಹಿಡಿದು ನಿಂತೇ ಇದ್ದಳು, ಕಣ್ಣೆದುರು ಬಾಳೇಶ ಅಂಗಿಯ ಕಿಸೆಯಿಂದ ಫೋನ್ ತೆಗೆದ. ಪಕ್ಕದವನ ಕಿವಿಯಲ್ಲಿ ಮುಧೋಳ ಎಂದು ಏನೋ ಹೇಳಿ ನಕ್ಕ. ನಂಬರು ಹುಡುಕಿ ಕಿವಿಗೆ ಹಚ್ಚಿಕೊಂಡ.

ಅಧಿಕಾರಿ, ಇನ್ನೂ ಹೊತ್ತಿದೆ, ಮುಂದಿನ ಪ್ರಶ್ನೆ ಯಾರದು ಎಂದು ಉತ್ಸಾಹದಿಂದ ಕೇಳಿದ.

"ಬಾಳೇಶಣ್ಣ, ಫೋನ್ ಕಟ್ ಮಾಡ್ರಿ" ಎಂದಳು ರಾಜೇಶ್ವರಿ. ಮೈಕಿನಲ್ಲಿ ಅದು ಇಡೀ ಶೋರೂಮಿಗೆ ಕೇಳಿತು. "ಬರೂದಿಲ್ಲ ಅಂತ ಅವರಿಗೆ ಹೇಳಬ್ಯಾಡ್ರಿ."

ಬಾಳೇಶ ಫೋನನ್ನು ಕಿವಿಯಿಂದ ಇಳಿಸಿದ. ಮೊದಲು ಅವನಿಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಅವನು ಎದ್ದು ನಿಂತು ಸಾವಕಾರರ ಕಡೆ ತಿರುಗಿದ. ಅವನ ಹಿಂದೆ ರಾಮದುರ್ಗದವರೆಲ್ಲ ಒಬ್ಬೊಬ್ಬರಾಗಿ ಎದ್ದರು. ಸಾವಕಾರರು ಬಾಗಿಲ ಕಡೆ ನೋಡಿದರು, ಪಕ್ಕದಲ್ಲಿ ಅಧಿಕಾರಿಯ ಮೊಬೈಲು ಅವರತ್ತಲೇ ತಿರುಗಿತ್ತು.

ರಾಜೇಶ್ವರಿ ಮೈಕನ್ನು ಅವರ ಮುಂದಿನ ಟೇಬಲ್ಲಿನ ಮೇಲೆ ಇಟ್ಟಳು. ಹಿಂದಿನ ಸಾಲಿಗೆ ನಡೆದು ಹೋಗಿ ಗಂಡನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತಳು. ಬೇರೆಲ್ಲೂ ಜಾಗವಿರಲಿಲ್ಲ. ಸುಭಾಸ ಅವಳ ಕಡೆ ತಿರುಗದೆ, ತುಟಿ ಅಲುಗಿಸದೆ ಕೇಳಿದ.

"ಇನ್ನ ನಾವಿಬ್ರು ಎಲ್ಲಿಗೆ ಹೋಗೂದು?"

ಅದಕ್ಕೆ ಅವಳ ಹತ್ತಿರ ಉತ್ತರವೂ ಇರಲಿಲ್ಲ, ತಾರೀಖೂ ಇರಲಿಲ್ಲ.