ಟ್ಯಾಗ್ ಕಿತ್ತ ರುದ್ರಾಣಿ ಮೇಡಂ

ಫೋಟೊದಲ್ಲಿ ರುದ್ರಾಣಿಯ ಬಾಯಿ ತುಂಬ ಒಬ್ಬಟ್ಟಿತ್ತು. ಎರಡೂ ಕೆನ್ನೆ ಉಬ್ಬಿದ್ದವು, ಕಣ್ಣು ಅರ್ಧ ಮುಚ್ಚಿತ್ತು, ಗಲ್ಲದ ಮೇಲೆ ತುಪ್ಪ ಇಳಿಯುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಪುಟ್ಟಬಸಮ್ಮ ಇನ್ನೂ ಒಂದು ತುಂಡನ್ನು ಅವಳ ಬಾಯಿಗೆ ತುರುಕುತ್ತಿದ್ದರು. ಮೇಲೆ ಶಿವರಂಜನಿ ಬರೆದಿದ್ದಳು: ‘ನಮ್ಮ ರುದ್ರಾಣಿ ಮೇಡಂ ಡಯಟ್ ಮಾಡೋ ರೀತಿ ನೋಡಿ.’ ಕೆಳಗೆ ನಗುವ ಮುಖಗಳ ಸಾಲು.

ರುದ್ರಾಣಿ ನಂಜನಗೂಡಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರ್. ಶಿವರಂಜನಿ ತಿ. ನರಸೀಪುರದಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದಳು. ಪಿಯುಸಿಯಲ್ಲಿ ಒಂದೇ ಹಾಸ್ಟೆಲ್ ಕೋಣೆಯಲ್ಲಿದ್ದವರು, ಇಪ್ಪತ್ತು ವರ್ಷದ ಗೆಳತಿಯರು. ಆ ಭಾನುವಾರ ಶಿವರಂಜನಿ ಸೋಸಲೆಯ ತನ್ನ ತವರಿಗೆ ಇವಳನ್ನು ಊಟಕ್ಕೆ ಕರೆದಿದ್ದಳು. ಅವಳ ತಾಯಿ ಪುಟ್ಟಬಸಮ್ಮ ಮಂಡಿ ಆಪರೇಷನ್ ಆದ ಆರು ತಿಂಗಳ ಮೇಲೆ ಮೊದಲ ಸಲ ಒಲೆ ಮುಂದೆ ನಿಂತು ಅಡುಗೆ ಮಾಡಿದ್ದರು.

ಸೋಮವಾರ ಬೆಳಗ್ಗೆ ಸ್ಟಾಫ್ ರೂಮಿನಲ್ಲಿ ಫೋನ್ ತೆಗೆದಾಗ ರುದ್ರಾಣಿಗೆ ಇದು ಕಂಡಿತು. ಶಿವರಂಜನಿ ಅವಳ ಹೆಸರನ್ನು ಟ್ಯಾಗ್ ಮಾಡಿದ್ದರಿಂದ ಫೋಟೊ ರುದ್ರಾಣಿಯ ಪ್ರೊಫೈಲಿನಲ್ಲೂ ಬಂದು ಕೂತಿತ್ತು. ಅವಳ ಫೇಸ್‌ಬುಕ್ ಸ್ನೇಹಿತರಲ್ಲಿ ಅರ್ಧ ಜನ ಶಾಲೆಯ ಮಕ್ಕಳ ತಂದೆತಾಯಿಗಳು.

“ಇದನ್ನ ಹೇಗ್ರೀ ತೆಗೆಯೋದು?” ಎಂದು ಗಣಿತದ ಮಧುಕುಮಾರ್‌ಗೆ ಫೋನ್ ಚಾಚಿದಳು.

ಮಧುಕುಮಾರ್ ನಗು ತಡೆದುಕೊಂಡ. “ಫೋಟೊ ತೆಗೆಯೋದು ಹಾಕಿದವರ ಕೈಲಿ ಮಾತ್ರ ಆಗೋದು ಮೇಡಂ. ನೀವು ನಿಮ್ಮ ಟ್ಯಾಗ್ ತೆಗೀಬಹುದು, ಅಷ್ಟೆ. ಅದರ ಬದಲು ಅವರಿಗೇ ಒಂದು ಫೋನ್ ಮಾಡಿ. ‘ನಂಗೆ ಮುಜುಗರ ಆಗ್ತಿದೆ, ದಯವಿಟ್ಟು ತೆಗಿ’ ಅನ್ನಿ.”

“ಅವಳ ಹತ್ರ ಬೇಡ್ಕೊಳ್ಳೋದಾ? ಕೇಳಿದ್ರೆ ಅದನ್ನೂ ಆಡ್ಕೊಂಡು ನಗ್ತಾಳೆ. ಟ್ಯಾಗ್ ತೆಗೆದ್ರೆ ಅವಳಿಗೆ ಗೊತ್ತಾಗುತ್ತಾ?”

“ನೋಟಿಫಿಕೇಶನ್ ಏನೂ ಹೋಗಲ್ಲ. ಆದ್ರೆ ಫೋಟೊ ತೆರೆದು ನೋಡಿದ್ರೆ ನಿಮ್ಮ ಹೆಸರು ಇಲ್ಲದ್ದು ಕಾಣುತ್ತಲ್ಲ.”

ರುದ್ರಾಣಿ ಪೋಸ್ಟಿನ ಮೂಲೆಯ ಮೂರು ಚುಕ್ಕಿ ಒತ್ತಿದಳು. ‘ರಿಮೂವ್ ಟ್ಯಾಗ್’ ಒತ್ತಿದಳು. ಖಾತ್ರಿಯೇ ಎಂದು ಕೇಳಿದ್ದಕ್ಕೆ ಹೌದೆಂದಳು. ಅವಳ ಪ್ರೊಫೈಲಿನಿಂದ ಫೋಟೊ ಮಾಯವಾಯಿತು. ಇನ್ನು ಮುಂದೆ ಯಾರೇ ಟ್ಯಾಗ್ ಮಾಡಿದರೂ ತಾನು ಒಪ್ಪಿದ ಮೇಲೆಯೇ ತೋರಿಸುವಂತೆ ಸೆಟ್ಟಿಂಗ್ ಕೂಡ ಮಾಡಿಸಿಕೊಂಡಳು. ಪೀಡೆ ಕಳೆಯಿತೆಂದು ತರಗತಿಗೆ ಹೋದಳು.

ಬುಧವಾರ ಒಂಬತ್ತನೇ ತರಗತಿಯಲ್ಲಿ ಪಚನಕ್ರಿಯೆಯ ಪಾಠ. “ಆಹಾರವನ್ನು ಚೆನ್ನಾಗಿ ಅಗಿಯಬೇಕು” ಎಂದದ್ದೇ ತಡ, ಹಿಂದಿನ ಬೆಂಚಿನಿಂದ ಶುರುವಾದ ನಗು ಮುಂದಿನ ಬೆಂಚಿನವರೆಗೆ ಹರಿಯಿತು. ಯಾಕೆಂದು ಯಾರೂ ಬಾಯಿ ಬಿಡಲಿಲ್ಲ. ಮಧ್ಯಾಹ್ನ ಮಧುಕುಮಾರ್ ಹಿಂಜರಿಯುತ್ತಲೇ ವಾಟ್ಸಾಪ್ ತೋರಿಸಿದ. ಉಬ್ಬಿದ ಕೆನ್ನೆಯ ರುದ್ರಾಣಿ ಸ್ಟಿಕ್ಕರ್ ಆಗಿದ್ದಳು. ಯಾರೋ ಸ್ಕ್ರೀನ್‌ಶಾಟ್ ತೆಗೆದು ಅವಳ ಮುಖವನ್ನಷ್ಟೇ ಕತ್ತರಿಸಿದ್ದರು.

“ಅದನ್ನ ತೆಗೆದಿದ್ನಲ್ಲ!”

ಮಧುಕುಮಾರ್ ತನ್ನ ಫೋನಿನಲ್ಲಿ ಶಿವರಂಜನಿಯ ಪ್ರೊಫೈಲ್ ತೆರೆದ. ಪಾರ್ಲರಿಗೆ ಗಿರಾಕಿ ಬರಲೆಂದು ಅವಳು ಪೋಸ್ಟುಗಳನ್ನೆಲ್ಲ ಯಾರು ಬೇಕಾದರೂ ನೋಡುವ ಹಾಗೆ ಇಟ್ಟಿದ್ದಳು. ಫೋಟೊ ಅಲ್ಲೇ ಇತ್ತು. ಒತ್ತಿದರೆ ರುದ್ರಾಣಿಯ ಪ್ರೊಫೈಲಿಗೆ ಹೋಗುತ್ತಿದ್ದ ಹೆಸರು ಮಾತ್ರ ಹೋಗಿತ್ತು. ‘ನಮ್ಮ ರುದ್ರಾಣಿ ಮೇಡಂ’ ಎಂಬ ಬರಹ ಹಾಗೇ ಇತ್ತು. ಅದರ ಕೆಳಗೆ ಬೆಳಗ್ಗೆಯಷ್ಟೇ ಶಿವರಂಜನಿ ಕಮೆಂಟ್ ಹಾಕಿದ್ದಳು: ‘ಮೇಡಂಗೆ ನಮ್ ಜೊತೆ ಕಾಣಿಸ್ಕೊಳಾಕೆ ನಾಚ್ಕೆ ಅಂತೆ. ಟ್ಯಾಗ್ ಕಿತ್ತಾಕವ್ರೆ.’ ಅದಕ್ಕೆ ಉತ್ತರಗಳು ಬಂದು, ತಣ್ಣಗಾಗಿದ್ದ ಪೋಸ್ಟ್ ಮತ್ತೆ ಎಲ್ಲರ ಕಣ್ಣಿಗೆ ಬೀಳತೊಡಗಿತ್ತು.

ರುದ್ರಾಣಿ ಅರ್ಧ ದಿನ ರಜೆ ಬರೆದುಕೊಟ್ಟು ನರಸೀಪುರದ ಬಸ್ ಹತ್ತಿದಳು.

ಪಾರ್ಲರಿನಲ್ಲಿ ಗಿರಾಕಿ ಇರಲಿಲ್ಲ. ಶಿವರಂಜನಿ ತಾಯಿಯ ಕೂದಲಿಗೆ ಮೆಹಂದಿ ಹಚ್ಚುತ್ತಿದ್ದಳು.

“ಬಾ ಮಗಾ, ಕೂತ್ಕೊ” ಎಂದರು ಪುಟ್ಟಬಸಮ್ಮ.

ರುದ್ರಾಣಿ ಕೂರಲಿಲ್ಲ. “ಫೋಟೊ ತೆಗಿ” ಎಂದಳು.

“ಯಾವ್ ಫೋಟೊ? ನೀನೇ ತಕ್ಕೊಂಡ್ಯಲ್ಲ ನಿನ್ ಎಸ್ರ.” ಶಿವರಂಜನಿ ತಿರುಗಿಯೂ ನೋಡಲಿಲ್ಲ.

“ಸ್ಕೂಲಲ್ಲಿ ಮಕ್ಕಳು ನನ್ನ ಮುಖಾನ ಸ್ಟಿಕ್ಕರ್ ಮಾಡ್ಕೊಂಡು ಆಡ್ತಿವೆ. ಪಾಠ ಮಾಡೋಕಾಗ್ತಿಲ್ಲ. ಯಾರನ್ನ ಕೇಳಿ ಹಾಕ್ದೆ ನೀನು?”

“ಊಟಕ್ಕೆ ಬಂದಾಗ ಯಾರನ್ನ ಕೇಳಿ ತಿಂದೆ? ಇಪ್ಪತ್ತೊರ್ಸದಿಂದ ಒಬ್ಬರ್ ಫೋಟೊ ಒಬ್ರು ಆಕ್ತಾ ಇಲ್ವ? ಬ್ಯಾಡ ಅಂದಿದ್ರೆ ಒಂದ್ ಫೋನ್ ಮಾಡ್ಬೇಕಿತ್ತು. ಆ ಗಳಿಗೇಲೇ ಡಿಲೀಟ್ ಮಾಡ್ತಿದ್ದೆ. ಕಳ್ಳಿ ತರ ಎಸ್ರು ಕಿತ್ಕೊಂಡು ಓದೆ. ಗಿರಾಕಿ ಒಬ್ಳು ‘ಯಾಕಕ್ಕಾ, ನಿಮ್ ಫ್ರೆಂಡು ನಿಮ್ಮನ್ನ ಬುಟ್ಬುಟ್ರಾ’ ಅಂತ ಕೇಳುದ್ಲು ಕಣೇ. ನಂಗೆ ಎಂಗಾಗಿರ್ಬೇಕು?”

“ಸುಳ್ಳು. ಕೇಳಿದ್ರೆ ಇನ್ನೂ ನಾಲ್ಕು ಜನಕ್ಕೆ ಹೇಳ್ಕೊಂಡು ನಗ್ತಿದ್ದೆ. ಹಾಸ್ಟೆಲಲ್ಲೂ ಹಂಗೇ ಮಾಡ್ತಿದ್ದೆ, ಮರೆತಿಲ್ಲ ನಾನು.”

ಶಿವರಂಜನಿ ಬ್ರಶ್ಶನ್ನು ಬಟ್ಟಲಿಗೆ ಎಸೆದಳು. “ಅಷ್ಟ್ ದಿನದಿಂದ ಒಟ್ಟೇಲಿ ಇಟ್ಕೊಂಡಿದ್ಯಾ? ಮತ್ಯಾಕೆ ಬತ್ತಿದ್ದೆ ನಮ್ಮನೆಗೆ?”

“ಬರಬಾರದಿತ್ತು. ತೆಗೀತೀಯೋ ಇಲ್ವೋ?”

“ಆ ಫೋಟೊಕ್ಕೆ ನೂರ್ ಮೂವತ್ತು ಕಮೆಂಟು. ಎಲ್ಲಾ ನಿಂಗೆ ಬಂದವು ಅಂದ್ಕೊಂಡ್ಯಾ? ಓದು.” ಶಿವರಂಜನಿ ಫೋನನ್ನು ಅವಳ ಮುಖಕ್ಕೆ ಹಿಡಿದಳು. ರುದ್ರಾಣಿ ಇಲ್ಲಿಯವರೆಗೆ ನಗುವ ಮುಖಗಳನ್ನಷ್ಟೇ ನೋಡಿದ್ದಳು. ಅವುಗಳ ನಡುವೆ ಬೇರೆ ಮಾತುಗಳಿದ್ದವು. ‘ದೊಡ್ಡಮ್ಮ ನಿಂತ್ಕೊಂಡ್ರಾ? ಶಿವನ ದಯೆ.’ ‘ಅತ್ತೆ ಎಷ್ಟು ಚೆನ್ನಾಗಿ ಕಾಣ್ತಾರೆ.’ ‘ಅಜ್ಜಿ ಕೈ ಒಬ್ಬಟ್ಟು ನಮಗೂ ಬೇಕು.’

“ದಿನಾ ಓದಿಸ್ಕೋತದೆ ನಮ್ಮವ್ವ. ಫೋಟೊ ಡಿಲೀಟ್ ಮಾಡುದ್ರೆ ಇವೆಲ್ಲ ಅದರ್ ಜೊತೇಲೇ ಓಯ್ತವೆ. ಗೊತ್ತಾ?”

ರುದ್ರಾಣಿಗೆ ಗೊತ್ತಿರಲಿಲ್ಲ. ಆದರೆ ನಾಳೆ ಮತ್ತೆ ಆ ತರಗತಿಗೆ ಹೋಗಬೇಕಲ್ಲ ಎನಿಸಿ, “ನನ್ನ ಮುಖ ಕತ್ತರಿಸಿ ಮತ್ತೆ ಹಾಕ್ಕೊ” ಎಂದಳು.

“ಕತ್ತರ್ಸುದ್ರೆ ಅವ್ವನ್ ಕೈಯೂ ಓಯ್ತದೆ. ಕೈ ನಿನ್ ಬಾಯಲ್ಲಿ ಅದೆ.”

ಪುಟ್ಟಬಸಮ್ಮ ಮೆಹಂದಿ ತಲೆಯಲ್ಲೇ ಎದ್ದು ನಿಂತರು. “ತಗ್ದಾಕು ರಂಜನಿ. ಇನ್ನೊಬ್ಬರ್ ಮನ್ಸು ನೋಯ್ಸಿ ನಾನು ಯಾತರಲ್ಲೂ ಚಂದ ಕಾಣ್ಬೇಕಾಗಿಲ್ಲ.” ಆಮೇಲೆ ರುದ್ರಾಣಿಯ ಕಡೆಗೆ ತಿರುಗಿದರು. ಅವರ ದನಿಯಲ್ಲಿ ಕರುಣೆ ಇರಲಿಲ್ಲ. “ನೀನೂ ಅಷ್ಟೆ ಕಣವ್ವ. ನನ್ ಕೈ ತುತ್ತು ತಿಂದೋಳು ಮೊದ್ಲು ನಂಗಾದ್ರೂ ಏಳ್ಬೌದಾಗಿತ್ತು.”

ರುದ್ರಾಣಿ ಗೆಳತಿಯನ್ನು ನೋಡಿದಳು. “ದಯವಿಟ್ಟು ತೆಗಿ ಶಿವು” ಎಂದಳು.

“ಈಗ್ ಬಂತಾ ಬಾಯಿಗೆ?”

ಶಿವರಂಜನಿ ಪೋಸ್ಟಿನ ಚುಕ್ಕಿಗಳನ್ನು ಒತ್ತಿ, ‘ಮೂವ್ ಟು ಟ್ರ್ಯಾಶ್’ ಒತ್ತಿ, ಫೋನನ್ನು ತಿರುಗಿಸಿ ತೋರಿಸಿದಳು. ಫೋಟೊ ಇರಲಿಲ್ಲ. “ಆಯ್ತಲ್ಲ? ಓಗು. ಇನ್ ಮ್ಯಾಲೆ ಈ ಮೆಟ್ಲು ಅತ್ಬ್ಯಾಡ.”

ಬಸ್ಸಿನಲ್ಲಿ ರುದ್ರಾಣಿ ‘ತೆಗೆದದ್ದಕ್ಕೆ ಥ್ಯಾಂಕ್ಸ್’ ಎಂದು ಬರೆಯಲು ಹೊರಟಳು. ಫೇಸ್‌ಬುಕ್ಕಿನಲ್ಲಿ ಶಿವರಂಜನಿಯ ಹೆಸರು ಹುಡುಕಿದರೆ ಸಿಗಲಿಲ್ಲ. ಮಧುಕುಮಾರ್‌ಗೆ ಫೋನ್ ಮಾಡಿ ನೋಡಲು ಹೇಳಿದಳು. ಅವನಿಗೆ ಪ್ರೊಫೈಲ್ ಕಾಣುತ್ತಿತ್ತು. “ಬ್ಲಾಕ್ ಮಾಡಿದಾರೆ ಮೇಡಂ” ಎಂದ.

ಫೋಟೊ ಹಂಚಿಕೊಂಡವರ ಪುಟಗಳಿಂದಲೂ ಅದು ಹೋಯಿತು. ಸ್ಕ್ರೀನ್‌ಶಾಟಿನಿಂದ ಹುಟ್ಟಿದ ಸ್ಟಿಕ್ಕರ್ ಮಾತ್ರ ಹೋಗಲಿಲ್ಲ. ಮರುದಿನ ರುದ್ರಾಣಿ ತರಗತಿಗೆ ಹೋಗಿ, “ಅದು ನಾನೇ. ನನಗೆ ನೋವಾಗಿದೆ. ಅದನ್ನ ಯಾರೂ ಮುಂದೆ ಕಳಿಸಬೇಡಿ” ಎಂದಳು. ಯಾರೂ ನಗಲಿಲ್ಲ. ಇಬ್ಬರು ಹುಡುಗಿಯರು ಬಿಡುವಿನಲ್ಲಿ ಬಂದು ತಾವು ಅಳಿಸಿದ್ದೇವೆ ಎಂದರು. ಉಳಿದವರು ಅಳಿಸಿದರೋ ಇಲ್ಲವೋ, ಅವಳು ವಿಚಾರಿಸಲಿಲ್ಲ.

ಆ ಸಂಜೆ ಶಿವರಂಜನಿಯ ನಂಬರಿಗೆ ಮೂರು ಸಲ ಫೋನ್ ಮಾಡಿದಳು. ಮೂರು ಸಲವೂ ಆ ಕಡೆಯಿಂದ ಕಟ್ ಆಯಿತು.